ಒಂಬತ್ತು ಮಾದರಿಗಳು ಎಲ್ಲಿ ಹೋದವು?

1936ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಐರಿಸ್ ಹೂಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಹೂಗಳನ್ನು ಅಳೆದವರು ಅವರಲ್ಲ, ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್. ಮೂರು ಪ್ರಭೇದ, ಒಂದೊಂದಕ್ಕೆ 50ರಂತೆ 150 ಹೂ, ಪ್ರತಿ ಹೂವಿಗೆ ನಾಲ್ಕು ಅಳತೆ. ಫಿಶರ್ ಈ ಆರುನೂರು ಅಂಕಿಗಳನ್ನು ಕೊನೆಯ ಪುಟಗಳಿಗೆ ಕಳಿಸಲಿಲ್ಲ, ಪ್ರಬಂಧದ ಮೊದಲ ಕೋಷ್ಟಕವಾಗಿಯೇ ಅಚ್ಚು ಹಾಕಿಸಿದರು. ಹಲವು ದಶಕಗಳ ನಂತರ ಇದೇ ಅಂಕಿಗಳು ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ದತ್ತಾಂಶ ಸಂಗ್ರಹಕ್ಕೆ ಸೇರಿ, ಲೋಕದ ಕಂಪ್ಯೂಟರ್ ವಿದ್ಯಾರ್ಥಿಗಳೆಲ್ಲ ಅವುಗಳ ಮೇಲೆ ಕೈಪಳಗಿಸಿಕೊಂಡರು. ಆ ಕಡತದ 35ನೆಯ ಮತ್ತು 38ನೆಯ ಸಾಲುಗಳಲ್ಲಿ ತಪ್ಪಿದೆ ಎಂದು ಆಮೇಲೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ, ಹೋಲಿಸಿ ನೋಡಲು ಫಿಶರ್ ಅಚ್ಚು ಹಾಕಿಸಿದ ಮೂಲ ಕೋಷ್ಟಕ ಇತ್ತು.

ಹಾಗೆಂದು ಅಂಕಿಗಳನ್ನೆಲ್ಲ ಅಧ್ಯಾಯದ ನಡುವೆ ತುಂಬಬೇಕು ಎಂದಲ್ಲ. ಫಿಶರ್ ಹೇಳಹೊರಟಿದ್ದು ಹೊಸದೊಂದು ಲೆಕ್ಕದ ವಿಧಾನ. ಓದುಗ ಪೆನ್ಸಿಲ್ ಹಿಡಿದು ಅಲ್ಲೇ ಲೆಕ್ಕ ಹಾಕಿ ನೋಡಲಿ ಎಂಬುದೇ ಆ ಬರಹದ ಉದ್ದೇಶ, ಅಂಕಿಗಳು ಒಂದು ಪುಟದಲ್ಲಿ ಹಿಡಿಯುವಷ್ಟೇ ಇದ್ದವು. ಇವತ್ತಿನ ಪಿಎಚ್‌ಡಿ ಸಂಶೋಧನಾರ್ಥಿಯ ಕೈಯಲ್ಲಿರುವುದು ಹಲವು ಎಕ್ಸೆಲ್ ಹಾಳೆ, ಕೆಲವು ನೂರು ಸಾಲಿನ ಪ್ರೋಗ್ರಾಮ್, ಭರ್ತಿಯಾದ ಪ್ರಶ್ನಾವಳಿಗಳ ಕಟ್ಟು. ಇದರಲ್ಲಿ ಯಾವುದು ಅಧ್ಯಾಯದಲ್ಲಿ ಉಳಿಯಬೇಕು, ಯಾವುದು ಹಿಂದಿನ ಅನುಬಂಧಕ್ಕೆ ಹೋಗಬೇಕು, ಯಾವುದು ಪುಸ್ತಕದ ಹೊರಗೇ ಇರಬೇಕು? ಹೆಚ್ಚಿನವರು ಇದನ್ನು ತೀರ್ಮಾನಿಸುವುದು ಬೈಂಡಿಂಗ್ ಅಂಗಡಿಗೆ ಹೋಗುವ ಹಿಂದಿನ ವಾರ, ಅದೂ ಪುಟ ಎಣಿಸಿ. ಉದ್ದವಾಗಿದ್ದದ್ದು ಹಿಂದಕ್ಕೆ, ಚಿಕ್ಕದಾಗಿದ್ದದ್ದು ಮುಂದಕ್ಕೆ. ಈ ಅಳತೆಗೋಲು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಪ್ರಬಂಧವನ್ನೇ ಬಿಡಿಸಿ ನೋಡಿದರೆ ತಿಳಿಯುತ್ತದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಅಲ್ಲಿನ ಕೊಳವೆಬಾವಿಗಳ ಮೇಲೆ ಭೂವಿಜ್ಞಾನದ ಒಬ್ಬ ಸಂಶೋಧನಾರ್ಥಿ ಮಹಾಪ್ರಬಂಧ ಬರೆಯುತ್ತಿದ್ದಾಳೆ ಎಂದುಕೊಳ್ಳೋಣ. ಆಕೆಯೂ ಕಲ್ಪಿತ, ಮುಂದೆ ಬರುವ ಆಕೆಯ ಅಂಕಿಗಳೂ ಕಲ್ಪಿತ. ಕೆಲಸದ ರೀತಿ ಮಾತ್ರ ಪ್ರಯೋಗಾಲಯಗಳಲ್ಲಿ ನಿಜವಾಗಿ ನಡೆಯುವಂಥದ್ದು. 120 ಕೊಳವೆಬಾವಿಗಳಿಂದ ಮುಂಗಾರಿಗೆ ಮುಂಚೆ ಒಮ್ಮೆ, ಮುಂಗಾರು ಮುಗಿದ ಮೇಲೆ ಒಮ್ಮೆ ನೀರು ಹಿಡಿದಿದ್ದಾಳೆ. ಒಟ್ಟು 240 ಮಾದರಿ. ಪ್ರತಿ ಮಾದರಿಯಲ್ಲಿ ಫ್ಲೋರೈಡ್, ಕ್ಯಾಲ್ಸಿಯಂ, ಸೋಡಿಯಂ, ಬೈಕಾರ್ಬೊನೇಟ್, ನೈಟ್ರೇಟ್ ಸೇರಿದಂತೆ ಹನ್ನೆರಡು ಅಳತೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ; ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಒಪ್ಪಬಹುದು. ಮುಂಗಾರಿನ ನಂತರ 1.5 ದಾಟುವ ಬಾವಿಗಳ ಸಂಖ್ಯೆ ಇಳಿಯುತ್ತದೆ ಎಂಬುದು ಆಕೆಯ ನಾಲ್ಕನೆಯ ಅಧ್ಯಾಯದ ವಾದ.

ಮೊದಲ ಕರಡಿನಲ್ಲಿ 240 ಸಾಲಿನ ಕೋಷ್ಟಕ ಇಡಿಯಾಗಿ ಅಧ್ಯಾಯದೊಳಗೇ ಇತ್ತು. ಪುಟಕ್ಕೆ ಮೂವತ್ತು ಸಾಲು ಹಿಡಿದರೂ ಎಂಟು ಪುಟ. ಓದುವವರು ಏಳನೆಯ ಪುಟದ ಹೊತ್ತಿಗೆ ವಾದ ಎಲ್ಲಿ ನಿಂತಿತ್ತು ಎಂಬುದನ್ನೇ ಮರೆತಿರುತ್ತಾರೆ. ಇದನ್ನು ಎತ್ತುವುದು ಸುಲಭದ ತೀರ್ಮಾನ. ಕೋಷ್ಟಕದ ಮೇಲೆ ಅಂಗೈ ಮುಚ್ಚಿ ಅದರ ಕೆಳಗಿನ ಪ್ಯಾರಾ ಓದಿದರೆ ಸಾಕು. ಪ್ಯಾರಾ ಯಾವ ಅಂಕಿಯ ಹೆಸರು ಹೇಳಿ ಮಾತಾಡುತ್ತದೋ ಆ ಅಂಕಿ ಅಲ್ಲೇ ಕಣ್ಣಿಗೆ ಬೀಳಬೇಕು. ಹೆಸರು ಹೇಳದ ಅಂಕಿಗಳು ಅಲ್ಲಿರಬೇಕಾಗಿಲ್ಲ. ಈಕೆಯ ಪ್ಯಾರಾ ಒಂದೊಂದು ಬಾವಿಯ ಸುದ್ದಿ ಎತ್ತುವುದೇ ಇಲ್ಲ. ಪ್ರತಿ ಹೋಬಳಿಯಲ್ಲಿ ಎಷ್ಟು ಬಾವಿ, ಅವುಗಳಲ್ಲಿ 1.5 ದಾಟಿದವು ಮಳೆಗೆ ಮುಂಚೆ ಎಷ್ಟು, ನಂತರ ಎಷ್ಟು, ನಡುವಿನ ಬೆಲೆ ಎಷ್ಟು ಎಂದಷ್ಟೇ ಹೇಳುತ್ತದೆ. ಹಾಗಾದರೆ ಅಧ್ಯಾಯಕ್ಕೆ ಬೇಕಾದದ್ದು ಹೋಬಳಿಗೊಂದು ಸಾಲಿನ, ಕಾಲು ಪುಟದ ಕೋಷ್ಟಕ. ಎಂಟು ಪುಟದ್ದು ಅನುಬಂಧಕ್ಕೆ ಹೋಗುತ್ತದೆ.

ಇಲ್ಲಿಯವರೆಗೆ ಗಾತ್ರದ ಅಳತೆಗೋಲೂ ಇದೇ ಉತ್ತರ ಕೊಡುತ್ತಿತ್ತು. ತೊಡಕು ಮುಂದಿದೆ.

ನೀರಿನ ವಿಶ್ಲೇಷಣೆಯಲ್ಲಿ ಒಂದು ತಾಳೆಯ ಪರೀಕ್ಷೆ ಇದೆ. ಯಾವ ನೀರೂ ಒಟ್ಟಾರೆ ವಿದ್ಯುತ್ ಆವೇಶ ಹೊತ್ತಿರುವುದಿಲ್ಲ. ಅದರಲ್ಲಿ ಕರಗಿದ ಧನ ಅಯಾನುಗಳ ಮೊತ್ತ ಮತ್ತು ಋಣ ಅಯಾನುಗಳ ಮೊತ್ತ ಸಮವಾಗಿರಬೇಕು. ಅಳತೆಯಲ್ಲಿ ಎರಡೂ ನಿಖರವಾಗಿ ಕೂಡುವುದಿಲ್ಲ, ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಆ ವ್ಯತ್ಯಾಸ ಶೇ. 5ರ ಒಳಗಿದ್ದರೆ ಒಳ್ಳೆಯದು, ಶೇ. 10ರ ತನಕ ಹಲವರು ಒಪ್ಪುತ್ತಾರೆ. ಅದನ್ನೂ ಮೀರಿದರೆ ಆ ಮಾದರಿಯ ಯಾವುದೋ ಒಂದು ಅಳತೆ ಕೆಟ್ಟಿದೆ ಎಂದರ್ಥ. ಸಂಶೋಧನಾರ್ಥಿ ಶೇ. 10ರ ಗೆರೆ ಎಳೆದು, ದಾಟಿದ ಒಂಬತ್ತು ಮಾದರಿಗಳನ್ನು ಕೈಬಿಟ್ಟಳು. ಮುಂಗಾರಿಗೆ ಮುಂಚಿನವು ಎರಡು, ನಂತರದವು ಏಳು. ಉಳಿದದ್ದು 231. ಕೈಬಿಟ್ಟ ಮಾದರಿಗಳ ಪಟ್ಟಿಯನ್ನು, ಯಾರಿಗೆ ಬೇಕು ಎಂದುಕೊಂಡು, ಅನುಬಂಧದ ಕೊನೆಯ ಪುಟಕ್ಕೆ ಹಾಕಿದಳು.

ಉಳಿದ ಮಾದರಿಗಳ ಲೆಕ್ಕದಲ್ಲಿ ಮಳೆಗೆ ಮುಂಚೆ 118ರಲ್ಲಿ 66, ಅಂದರೆ ಶೇ. 56ರಷ್ಟು ಮಾದರಿಗಳು 1.5 ದಾಟಿದ್ದವು. ಮಳೆಯ ನಂತರ 113ರಲ್ಲಿ 51, ಅಂದರೆ ಶೇ. 45. ಹನ್ನೊಂದು ಅಂಶದ ಇಳಿಕೆ, ಹೇಳಿಕೊಳ್ಳುವಂಥದ್ದೇ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹಿಂದಿನ ಪುಟ ತೆರೆದು ಕೇಳುವ ಪ್ರಶ್ನೆ ಇಲ್ಲಿದೆ.

“ಏನಮ್ಮ, ಮಳೆ ಆದಮೇಲಿನ ಏಳು ಮಾದರಿ ತೆಗೆದಿದ್ದೀಯಲ್ಲ, ಅದರಲ್ಲಿ ಆರರಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಇದನ್ನ ನಾಲ್ಕನೇ ಅಧ್ಯಾಯದಲ್ಲಿ ಎಲ್ಲಿ ಹೇಳಿದ್ದೀಯ?”

“ಅನುಬಂಧದಲ್ಲಿದೆ ಸಾರ್.”

“ಅನುಬಂಧದಲ್ಲಿರೋದು ನನಗೂ ಕಾಣ್ತಿದೆ. ಅಧ್ಯಾಯ ಓದಿದವನಿಗೆ ಹೇಗೆ ಗೊತ್ತಾಗಬೇಕು?”

ಆ ಒಂಬತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಮುಂಚೆ 120ರಲ್ಲಿ 67, ನಂತರ 120ರಲ್ಲಿ 57. ಶೇ. 56ರಿಂದ ಶೇ. 47.5. ಇಳಿಕೆ ಇನ್ನೂ ಇದೆ, ಆದರೆ ಹನ್ನೊಂದರ ಬದಲು ಎಂಟು ಅಂಶ. ಮಾದರಿಗಳನ್ನು ಕೈಬಿಟ್ಟದ್ದು ತಪ್ಪಲ್ಲ. ಕೆಟ್ಟ ಅಳತೆಯನ್ನು ಇಟ್ಟುಕೊಳ್ಳುವುದೇ ತಪ್ಪು. ಅದಕ್ಕೆ ಕಾರಣವೂ ಇರಬಹುದು. ಫ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು. ಬೈಕಾರ್ಬೊನೇಟನ್ನು ನೀರು ಹಿಡಿದ ಜಾಗದಲ್ಲೇ ಅಥವಾ ಬೇಗನೆ ಅಳೆಯಬೇಕು. ಬಾಟಲಿ ಪ್ರಯೋಗಾಲಯ ತಲುಪುವುದು ತಡವಾದರೆ ಆ ಅಂಕಿಯನ್ನು ನಂಬುವುದು ಕಷ್ಟ. ಋಣ ಅಯಾನುಗಳಲ್ಲಿ ಬೈಕಾರ್ಬೊನೇಟಿನದೇ ದೊಡ್ಡ ಪಾಲಾಗಿರುವ ನೀರಿನಲ್ಲಿ ಅದರ ತಪ್ಪು ಇಡೀ ತಾಳೆಯನ್ನು ಕೆಡಿಸುತ್ತದೆ. ಅಂದರೆ ಫ್ಲೋರೈಡ್ ಹೆಚ್ಚಿದ್ದ ಮಾದರಿಗಳೇ ಹೆಚ್ಚಾಗಿ ಜರಡಿಯಿಂದ ಹೊರಬಿದ್ದದ್ದು ಕಾಕತಾಳೀಯವಲ್ಲ, ಫ್ಲೋರೈಡಿನ ಅಳತೆ ಕೆಟ್ಟಿತ್ತು ಎಂದೂ ಅಲ್ಲ. ಇದು ನಾಲ್ಕನೆಯ ಅಧ್ಯಾಯ ಹೇಳಲೇಬೇಕಾದ ಮಾತು.

ಹೀಗಾಗಿ ಎಂಟು ಪುಟದ ಕೋಷ್ಟಕ ಹಿಂದಕ್ಕೆ ಹೋಗಿ, ಒಂಬತ್ತು ಸಾಲಿನ ಪಟ್ಟಿ ಮುಂದಕ್ಕೆ ಬರಬೇಕಾಯಿತು. ಗಾತ್ರ ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಓದುಗ ವಾದವನ್ನು ಒಪ್ಪಲು ಏನನ್ನು ನೋಡಬೇಕೋ ಅದು ಅಧ್ಯಾಯದ್ದು. ಒಪ್ಪಿದ ಮೇಲೆ, ಅನುಮಾನ ಬಂದರೆ ತಾಳೆ ನೋಡಲು ಬೇಕಾದದ್ದು ಅನುಬಂಧದ್ದು. ತೀರ್ಮಾನವನ್ನೇ ಅಲುಗಿಸಬಲ್ಲ ಅಂಕಿ ಎಷ್ಟೇ ಚಿಕ್ಕದಿರಲಿ, ಎಷ್ಟೇ ಮುಜುಗರದ್ದಿರಲಿ, ಅದನ್ನು ಹಿಂದೆ ಹಾಕಿದರೆ ಬಚ್ಚಿಟ್ಟಂತೆಯೇ. ಸಂಶೋಧನಾರ್ಥಿಗಳು ಬೇಕೆಂದೇ ಹೀಗೆ ಮಾಡುತ್ತಾರೆ ಎನ್ನಲಾಗದು. ತಮಗೆ ಹೆಮ್ಮೆ ತರುವ ಕೋಷ್ಟಕ ಮುಂದಿರಲಿ ಎಂದು ಕೈ ತಾನಾಗಿಯೇ ಬಯಸುತ್ತದೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷಕರು ಅನುಬಂಧವನ್ನು ಓದಲೇಬೇಕೆಂಬ ಕಟ್ಟುಪಾಡಿಲ್ಲ. ಯಾರೂ ಓದದಿದ್ದರೂ ಅಧ್ಯಾಯ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳುವುದು ನಮ್ಮಲ್ಲೂ ಒಳ್ಳೆಯ ಪರೀಕ್ಷೆ.

ಪ್ರೋಗ್ರಾಮಿನ ಸಾಲುಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ, ಸ್ವಲ್ಪ ಬೇರೆ ರೀತಿಯಲ್ಲಿ. ಈಕೆಯ ಪೈಥಾನ್ ಪ್ರೋಗ್ರಾಮ್ ಸುಮಾರು ನಾನೂರು ಸಾಲು. ಎಕ್ಸೆಲ್ ಕಡತ ತೆರೆಯುವುದು, ಕಾಲಂಗಳ ಹೆಸರು ಸರಿಪಡಿಸುವುದು, ನಕ್ಷೆಗೆ ಬಣ್ಣ ತುಂಬುವುದು, ಇವೇ ಅದರ ಬಹುಪಾಲು. ಈ ಸಾಲುಗಳಲ್ಲಿ ಸಂಶೋಧನೆಯ ತೀರ್ಮಾನ ಯಾವುದೂ ಇಲ್ಲ. ಇರುವುದು ಎರಡೇ ಸಾಲಿನಲ್ಲಿ:

```python
cbe = 100 * (cat - an) / (cat + an)
d = d[cbe.abs() <= 10]
```

ಮೊದಲ ಸಾಲು ಧನ ಮತ್ತು ಋಣ ಅಯಾನುಗಳ ವ್ಯತ್ಯಾಸವನ್ನು ಶೇಕಡದಲ್ಲಿ ಹೇಳುತ್ತದೆ. ಎರಡನೆಯದು ಹತ್ತು ದಾಟಿದ್ದನ್ನು ಹೊರಹಾಕುತ್ತದೆ. ಆ 10 ಎಂಬ ಅಂಕಿ ಸಂಶೋಧನಾರ್ಥಿಯ ಆಯ್ಕೆ. ಅದನ್ನು 5 ಮಾಡಿದ್ದರೆ ಇನ್ನಷ್ಟು ಮಾದರಿಗಳು ಹೊರಬೀಳುತ್ತಿದ್ದವು, ಇಳಿಕೆಯ ಅಂಕಿಯೂ ಬದಲಾಗುತ್ತಿತ್ತು. ಹಾಗಾಗಿ ಈ ಎರಡು ಸಾಲು, ಅಥವಾ ಅವುಗಳ ಸೂತ್ರ, ವಿಧಾನದ ಅಧ್ಯಾಯದಲ್ಲಿ ಕಾರಣದೊಂದಿಗೆ ಬರಬೇಕು. ಉಳಿದದ್ದನ್ನು ಅಲ್ಲಿ ಹಾಕಿದರೆ ಓದುಗನಿಗೆ ಈ ಎರಡು ಸಾಲು ಕಾಣುವುದೇ ಇಲ್ಲ. ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳ ಮಾತು ಬೇರೆ, ಅಲ್ಲಿ ಆಲ್ಗಾರಿದಮ್ಮೇ ಕೊಡುಗೆಯಾಗಿರುತ್ತದೆ. ಆಗಲೂ ಅಧ್ಯಾಯಕ್ಕೆ ಒಪ್ಪುವುದು ಅದರ ತಿರುಳು ಮಾತ್ರ.

ಹಾಗಾದರೆ ಉಳಿದ ಸಾಲುಗಳನ್ನು ಅನುಬಂಧದಲ್ಲಿ ಅಚ್ಚು ಹಾಕುವುದೇ? ಹಲವು ಪ್ರಬಂಧಗಳಲ್ಲಿ ಹಾಗೆ ಮಾಡಿರುತ್ತಾರೆ. ಹಿಂದಿನ ನಲವತ್ತು ಪುಟ ಪ್ರೋಗ್ರಾಮೇ. ಅದರಿಂದ ಪುಸ್ತಕ ದಪ್ಪವಾಗುವುದು ಬಿಟ್ಟರೆ ಉಪಯೋಗ ಕಡಿಮೆ. ಪೈಥಾನಿನಲ್ಲಿ ಸಾಲಿನ ಎಡಗಡೆ ಬಿಡುವ ಜಾಗಕ್ಕೂ ಅರ್ಥವಿದೆ. ಪಿಡಿಎಫ್‌ನಿಂದ ನಕಲು ಮಾಡುವಾಗ ಆ ಜಾಗ ಕಳೆದುಹೋಗುತ್ತದೆ, ಉದ್ದದ ಸಾಲು ಮುರಿದು ಎರಡಾಗುತ್ತದೆ, ನೇರ ಉದ್ಧರಣ ಚಿಹ್ನೆಗಳು ವರ್ಡ್‌ನ ಕೃಪೆಯಿಂದ ಬಾಗಿರುತ್ತವೆ. ಹಾಗೆ ತೆಗೆದ ಪ್ರೋಗ್ರಾಮ್ ಓಡುವುದಿಲ್ಲ. 240 ಸಾಲಿನ ಕೋಷ್ಟಕದ ಪಾಡೂ ಅದೇ, ಪಿಡಿಎಫ್‌ನಿಂದ ಎಕ್ಸೆಲ್‌ಗೆ ಅಂಟಿಸಿದರೆ ಕಾಲಂಗಳು ಒಂದರೊಳಗೊಂದು ನುಗ್ಗುತ್ತವೆ. ಬೇರೆಯವರು ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕೆಂದರೆ ಅಚ್ಚಾದ ಪುಟ ಸಾಲದು, ಕಡತವೇ ಬೇಕು.

ಕಡತ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಒಂದು ಪ್ರಸಂಗ ಪ್ರಸಿದ್ಧ. ಸಾರ್ವಜನಿಕ ಸಾಲ ಹೆಚ್ಚಾದರೆ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಬರೆದಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಪ್ರಕಟಿತ ಅಂಕಿಗಳಿಂದ ಅದೇ ಫಲಿತಾಂಶ ತರಲು ನೋಡಿದಾಗ ಲೆಕ್ಕ ಕೂಡಲಿಲ್ಲ. ಲೇಖಕರನ್ನೇ ಕೇಳಿದಾಗ ಅವರು ಎಕ್ಸೆಲ್ ಕಡತ ಕಳಿಸಿಕೊಟ್ಟರು. ಸರಾಸರಿಯ ಸೂತ್ರ 30ರಿಂದ 49ನೆಯ ಸಾಲಿನ ತನಕ ಹೋಗಬೇಕಿದ್ದದ್ದು 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು 2013ರಲ್ಲಿ ಇದನ್ನೂ, ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದ ಬೇರೆ ಆಯ್ಕೆಗಳನ್ನೂ ಎತ್ತಿ ತೋರಿಸಿದರು. ಆ ಸೂತ್ರದ ತಪ್ಪು ಅಚ್ಚಾದ ಯಾವ ಕೋಷ್ಟಕದಲ್ಲೂ ಕಾಣುವಂಥದ್ದಲ್ಲ.

ಪಾವಗಡದ ಪ್ರಬಂಧಕ್ಕೆ ಇದರಿಂದ ಮೂರನೆಯದೊಂದು ಜಾಗ ಹುಟ್ಟುತ್ತದೆ. ಪ್ರೋಗ್ರಾಮನ್ನೂ 240 ಸಾಲಿನ ಅಂಕಿಗಳನ್ನೂ ಸಿಎಸ್‌ವಿಯಂಥ ಸರಳ ಕಡತಗಳಾಗಿ ಜೆನೋಡೊದಂಥ ಸಂಗ್ರಹದಲ್ಲಿ ಇಡಬಹುದು. ಯುರೋಪಿನ ಸೆರ್ನ್ ನಡೆಸುವ ಈ ಸಂಗ್ರಹ ಪ್ರತಿ ಠೇವಣಿಗೂ ಡಿಒಐ ಎಂಬ ಬದಲಾಗದ ಗುರುತಿನ ಸಂಖ್ಯೆ ಕೊಡುತ್ತದೆ. ಗಿಟ್‌ಹಬ್‌ನ ಕೊಂಡಿಯನ್ನಷ್ಟೇ ಕೊಟ್ಟು ಕೈತೊಳೆದುಕೊಂಡರೆ, ವೈವಾ ಮುಗಿದ ಮರುವರ್ಷ ಅದೇ ಕಡತವನ್ನು ತಿದ್ದುವ, ಅಳಿಸುವ ಸ್ವಾತಂತ್ರ್ಯ ಖಾತೆಯ ಒಡೆಯರಿಗೆ ಇದ್ದೇ ಇರುತ್ತದೆ. ಆಗ ಅನುಬಂಧದಲ್ಲಿ ಉಳಿಯುವುದು ಒಂದು ಪುಟ ಮಾತ್ರ: ಕಡತಗಳ ಹೆಸರು, ಒಂದೊಂದು ಕಾಲಂನ ಅರ್ಥ ಮತ್ತು ಅಳತೆಯ ಮಾನ, ಪೈಥಾನಿನ ಆವೃತ್ತಿ, ಡಿಒಐ. ಎಂಟು ಪುಟದ ಕೋಷ್ಟಕವನ್ನು ಮಾತ್ರ ಅಚ್ಚಿನಲ್ಲೂ ಇಟ್ಟರೆ ನಷ್ಟವಿಲ್ಲ. ಫಿಶರ್ ಕೋಷ್ಟಕದಂತೆ ಕಡತದ ತಪ್ಪು ಹಿಡಿಯಲು ಅದು ಇನ್ನೊಂದು ಪ್ರತಿಯಾಗುತ್ತದೆ. ಎಂಟು ಸಾವಿರ ಪುಟವಾಗುವಂತಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ.

ಅನುಬಂಧವನ್ನು ಯಾರೂ ನೋಡುವುದಿಲ್ಲ ಎಂಬ ಧೈರ್ಯ ಮಾತ್ರ ಬೇಡ. ನಕ್ಷೆಗಳಿಗೆ ನಾಲ್ಕು ಬಣ್ಣ ಸಾಕು ಎಂಬ ಪ್ರಮೇಯವನ್ನು ಕೆನೆತ್ ಆಪೆಲ್ ಮತ್ತು ವೋಲ್ಫ್‌ಗಾಂಗ್ ಹಾಕೆನ್ ಸಾಧಿಸಿ 1977ರಲ್ಲಿ ಪ್ರಕಟಿಸಿದಾಗ, ಕಂಪ್ಯೂಟರ್ ಸಾವಿರಕ್ಕೂ ಹೆಚ್ಚು ಗಂಟೆ ದುಡಿದಿತ್ತು. ಬಿಡಿ ಬಿಡಿ ಪ್ರಸಂಗಗಳ ಚಿತ್ರಗಳು ನಾನೂರಕ್ಕೂ ಹೆಚ್ಚು ಪುಟ. ಅವು ಲೇಖನದಲ್ಲಿ ಹಿಡಿಯದೆ ಮೈಕ್ರೊಫಿಶ್ ಹಾಳೆಗಳಾಗಿ ಜೊತೆಗೆ ಬಂದವು. ಬರಿಗಣ್ಣಿಗೆ ಕಾಣದಷ್ಟು ಸಣ್ಣಗೆ ಫಿಲ್ಮಿನ ಮೇಲೆ ಇಳಿಸಿದ ಈ ಪುಟಗಳನ್ನು ಯಾರು ಓದಿಯಾರು ಎಂದು ಯಾರಿಗಾದರೂ ಅನಿಸಬೇಕು. ಜರ್ಮನಿಯ ಆಖೆನ್‌ನಲ್ಲಿ ಉಲ್ರಿಚ್ ಶ್ಮಿಟ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಆ ಸಾಧನೆಯನ್ನೇ ಒರೆಗೆ ಹಚ್ಚಿದ. ಅದರ ಒಂದು ಭಾಗದಲ್ಲಿ ಶೇ. 40ರಷ್ಟನ್ನು ಪರಿಶೀಲಿಸುವ ಹೊತ್ತಿಗೆ ಗಣನೀಯವಾದ ತಪ್ಪೊಂದು ಸಿಕ್ಕಿತು. ತಿದ್ದಬಹುದಾದ ತಪ್ಪೇ, ಮೂಲ ಲೇಖಕರು ತಿದ್ದಿದರು. 1989ರಲ್ಲಿ ಸಾಧನೆಯನ್ನು ಪರಿಷ್ಕರಿಸಿ ಪುಸ್ತಕವಾಗಿ ತಂದರು. ಹಿಂದಕ್ಕೆ ಹೋದ ಸಾಮಗ್ರಿಯೂ ಅಧ್ಯಾಯದಷ್ಟೇ ಶುದ್ಧವಾಗಿರಬೇಕಾದ್ದು ಇಂಥ ಓದುಗರಿಗಾಗಿ.

ನಮ್ಮ ದೇಶದಲ್ಲಿ ಇನ್ನೊಂದು ವಿಶೇಷ ತೊಂದರೆಯಿದೆ. ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಸಂಗ್ರಹಕ್ಕೆ ಹೋಗುತ್ತದೆ. ಅಲ್ಲಿ ಪ್ರಬಂಧ ಇಡಿಯಾಗಿರುವುದಿಲ್ಲ, ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್. ಅನುಬಂಧವೂ ಒಂದು ಪ್ರತ್ಯೇಕ ಕಡತ. ಫ್ಲೋರೈಡ್ ಬಗ್ಗೆ ಹುಡುಕಿ ಬಂದವರು ನಾಲ್ಕನೆಯ ಅಧ್ಯಾಯವನ್ನು ಮಾತ್ರ ಇಳಿಸಿಕೊಂಡು ಹೋಗುತ್ತಾರೆ. ಅದರಲ್ಲಿ “ವಿವರಗಳಿಗೆ ಅನುಬಂಧ ನೋಡಿ” ಎಂದಷ್ಟೇ ಇದ್ದರೆ ಅವರ ಕೈಗೆ ಸಿಗುವುದು ಏನೂ ಇಲ್ಲ. ಅದಕ್ಕೇ ಸೂಚನೆಯ ಜೊತೆ ಸಾರವೂ ಇರಬೇಕು: “ಆವೇಶದ ವ್ಯತ್ಯಾಸ ಶೇ. 10 ಮೀರಿದ ಒಂಬತ್ತು ಮಾದರಿಗಳನ್ನು ಕೈಬಿಡಲಾಗಿದೆ. ಸೇರಿಸಿದರೆ ಇಳಿಕೆ ಎಂಟು ಅಂಶ. ಪೂರ್ಣ ಅಳತೆಗಳು ಅನುಬಂಧ ‘ಆ’ ಕೋಷ್ಟಕ 2ರಲ್ಲಿವೆ.” ಇಷ್ಟು ಓದಿದವರಿಗೆ ಇನ್ನೊಂದು ಕಡತ ತೆರೆಯದೆಯೂ ಮೋಸವಾಗುವುದಿಲ್ಲ.

ಕೋಷ್ಟಕಗಳು ಜಾಗ ಬದಲಿಸಿದ ಮೇಲೆ ಹಳೆಯ ಸೂಚನೆಗಳು ಅಡ್ಡದಾರಿ ಹಿಡಿಯುತ್ತವೆ. “ಮೇಲಿನ ಕೋಷ್ಟಕದಲ್ಲಿ ಕಾಣುವಂತೆ” ಎಂಬ ಸಾಲು ಹಾಗೇ ಉಳಿದು, ಮೇಲೆ ಕೋಷ್ಟಕವೇ ಇರುವುದಿಲ್ಲ. ಅದನ್ನು ಹಿಡಿಯಲು ಕರಡಿನಲ್ಲಿ ‘ಕೋಷ್ಟಕ’, ‘ಅನುಬಂಧ’ ಎಂಬ ಎರಡು ಪದಗಳನ್ನು ಹುಡುಕುತ್ತಾ ಹೋಗಬೇಕು. ಅನುಬಂಧಗಳು ಅಧ್ಯಾಯದಲ್ಲಿ ಮೊದಲು ಹೆಸರು ಬಂದ ಕ್ರಮದಲ್ಲೇ ಅ, ಆ, ಇ ಎಂದು ಸಾಲಾಗಿ ಇರಬೇಕು. ಇಡೀ ಪ್ರಬಂಧದಲ್ಲಿ ಒಮ್ಮೆಯೂ ಹೆಸರು ಬಾರದ ಅನುಬಂಧ ಸಿಕ್ಕಿದರೆ, ಒಂದೋ ಅಧ್ಯಾಯದಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಇಲ್ಲವೇ ಆ ಅನುಬಂಧವೇ ಬೇಕಿರಲಿಲ್ಲ. ಎರಡನೆಯದೇ ಹೆಚ್ಚು.

ಪ್ರಶ್ನಾವಳಿಯ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಖಾಲಿ ನಮೂನೆ ಅನುಬಂಧಕ್ಕೆ ಹೋಗಬೇಕು, ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಊರಿನಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗಳು ಕನ್ನಡದಲ್ಲೇ. ಭರ್ತಿಯಾದ ಹಾಳೆಗಳು ಹೋಗಬಾರದು. ಕಚ್ಚಾ ಅಂಕಿಗಳ ಕಡತ ಬಿಡುಗಡೆಯಾಗುವ ಮುನ್ನ ನೋಡಬೇಕಾದ್ದು ಕೂಡ ಇದೇ. ಕ್ಷೇತ್ರದಲ್ಲಿ ಬರೆದುಕೊಂಡ ಎಕ್ಸೆಲ್ ಹಾಳೆಯಲ್ಲಿ ಬಾವಿಯ ಸಂಖ್ಯೆಯ ಪಕ್ಕ ಮನೆ ಯಜಮಾನರ ಹೆಸರು, ಮೊಬೈಲ್ ನಂಬರು, ಮೊಬೈಲಿನ ಜಿಪಿಎಸ್ ಹಿಡಿದ ಆರು ದಶಮಾಂಶದ ಅಕ್ಷಾಂಶ ರೇಖಾಂಶ ಇರುವುದು ಸಾಮಾನ್ಯ. ಕಾಲಂ ಮರೆಮಾಡಿದರೆ ಅದು ಅಳಿಯುವುದಿಲ್ಲ. ಎಕ್ಸೆಲ್‌ನಲ್ಲಿ ಎರಡು ಸಲ ಒತ್ತಿದರೆ ಮತ್ತೆ ತೆರೆದುಕೊಳ್ಳುತ್ತದೆ. ಹೆಸರು ಮತ್ತು ನಂಬರಿನ ಕಾಲಂಗಳನ್ನು ತೆಗೆದುಹಾಕಿ, ಬಾವಿಗಳಿಗೆ ಕ್ರಮಸಂಖ್ಯೆ ಕೊಟ್ಟು, ಸ್ಥಳವನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಒಂದು ಕಿಲೋಮೀಟರಿನ ಆಸುಪಾಸು ಮಾತ್ರ ಗೊತ್ತಾಗುತ್ತದೆ. ಹೋಬಳಿವಾರು ನಕ್ಷೆಗೆ ಅಷ್ಟು ಸಾಕು. ಬಂಡೆಯ ಬಿರುಕುಗಳ ಜಾಡು ಹಿಡಿಯುವ ಮುಂದಿನ ಸಂಶೋಧಕರಿಗೆ ಸಾಲದು. ಅಂಥವರಿಗಾಗಿ ನಿಖರ ಸ್ಥಳಗಳ ಪ್ರತಿಯೊಂದನ್ನು ಮಾರ್ಗದರ್ಶಕರ ಬಳಿ ಇಟ್ಟು, ಕೇಳಿದರೆ ಯಾವ ಷರತ್ತಿನ ಮೇಲೆ ಕೊಡಲಾಗುವುದು ಎಂಬುದನ್ನು ಕಡತಗಳ ವಿವರವಿರುವ ಅದೇ ಪುಟದಲ್ಲಿ ಬರೆಯಬಹುದು.